ನೌಕರಿ ಸಿಕ್ಕಾಗ ಜೆ.ಆರ್.ಎಫ್. ಬಿಡುವುದು ಹೇಗೆ: ದಿನಾಂಕ, ಪತ್ರ, ಹಣದ ಲೆಕ್ಕ

ಯುಜಿಸಿಯ ಜೆ.ಆರ್.ಎಫ್. ಪಡೆದು ಪಿಎಚ್.ಡಿ. ಮಾಡುತ್ತಿರುವವರಿಗೆ ನಡುವೆ ಸರ್ಕಾರಿ ಕಾಲೇಜಿನ ಉಪನ್ಯಾಸಕ ಹುದ್ದೆ ಸಿಗುವುದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೊಸದೇನಲ್ಲ. ನೇಮಕಾತಿ ಆದೇಶ ಕೈಗೆ ಬಂದ ಸಂಭ್ರಮದಲ್ಲಿ ಫೆಲೋಶಿಪ್ ವಿಷಯ ಮರೆತೇ ಹೋಗುತ್ತದೆ. ಕೆಲವರು ಮಾರ್ಗದರ್ಶಕರಿಗೆ ಬಾಯಿಮಾತಿನಲ್ಲಿ ಹೇಳಿ ಊರು ಬಿಡುತ್ತಾರೆ. ಆಮೇಲೂ ಒಂದೆರಡು ತಿಂಗಳು ಖಾತೆಗೆ ಹಣ ಬೀಳುತ್ತಿರುತ್ತದೆ. ಎರಡು ವರ್ಷ ಕಳೆದ ಮೇಲೆ ವಿಶ್ವವಿದ್ಯಾಲಯದ ಲೆಕ್ಕಪತ್ರ ಶಾಖೆಯಿಂದ ಪತ್ರ ಬರುತ್ತದೆ, ಅಥವಾ ಪ್ರಬಂಧ ಸಲ್ಲಿಸಲು ಹೋದಾಗ ನೋ ಡ್ಯೂ ಸಿಗುವುದಿಲ್ಲ.

ಈ ಎಲ್ಲ ತೊಡಕಿನ ಬೇರು ಒಂದೇ ಕಡೆ ಇದೆ. ಫೆಲೋಶಿಪ್ ಯಾವ ದಿನ ಮುಗಿಯಿತು ಎನ್ನುವುದು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇರುತ್ತದೆ. ರಾಜೀನಾಮೆ ಪತ್ರದಲ್ಲಿ ಒಂದು ದಿನಾಂಕ, ಮಾರ್ಗದರ್ಶಕರ ಷರಾದಲ್ಲಿ ಇನ್ನೊಂದು, ಬ್ಯಾಂಕ್ ಪೋರ್ಟಲ್‌ನಲ್ಲಿ ಮತ್ತೊಂದು, ಹೊಸ ಇಲಾಖೆಯ ಸೇವಾ ಪುಸ್ತಕದಲ್ಲಿ ಮಗದೊಂದು. ಹಾಗಾಗಿ ಪತ್ರ ಬರೆಯುವ ಮೊದಲು ದಿನಾಂಕ ಗೊತ್ತುಮಾಡಿಕೊಳ್ಳಿ. ಉಳಿದ ಕೆಲಸ ಅದನ್ನು ಹಿಡಿದೇ ಸಾಗುತ್ತದೆ.

ಮೊದಲು: ಬಿಡುತ್ತಿರುವುದು ಯಾವುದನ್ನು?

ಫೆಲೋಶಿಪ್ ಬೇರೆ, ಪಿಎಚ್.ಡಿ. ನೋಂದಣಿ ಬೇರೆ. ಫೆಲೋಶಿಪ್ ಯುಜಿಸಿ ಕೊಡುವ ಹಣ. ನೋಂದಣಿ ವಿಶ್ವವಿದ್ಯಾಲಯ ಕೊಟ್ಟದ್ದು. ಒಂದನ್ನು ಬಿಟ್ಟರೆ ಇನ್ನೊಂದು ತಾನಾಗಿ ಹೋಗಬೇಕಿಲ್ಲ. ಆದರೆ ಪತ್ರದಲ್ಲಿ “ಸಂಶೋಧನೆಯಿಂದ ಹಿಂದೆ ಸರಿಯುತ್ತಿದ್ದೇನೆ” ಎಂದು ಬರೆದರೆ ಗುಮಾಸ್ತರು ಅದನ್ನು ಬರೆದಂತೆಯೇ ಓದುತ್ತಾರೆ, ಕಡತ ನೋಂದಣಿ ರದ್ದತಿಗೆ ಹೋಗುತ್ತದೆ. ನೋಂದಣಿ ಉಳಿಸಿಕೊಳ್ಳುವ ಇರಾದೆ ಇದ್ದರೆ “ಜೆ.ಆರ್.ಎಫ್. ಅನ್ನು ಮಾತ್ರ ತ್ಯಜಿಸುತ್ತಿದ್ದೇನೆ, ಪಿಎಚ್.ಡಿ. ನೋಂದಣಿ ಮುಂದುವರಿಸಲು ಪ್ರತ್ಯೇಕ ಅರ್ಜಿ ಸಲ್ಲಿಸಿದ್ದೇನೆ” ಎಂದು ಬಿಡಿಸಿ ಬರೆಯಬೇಕು.

ಆ ಪ್ರತ್ಯೇಕ ಅರ್ಜಿ ಎಂದರೆ ಪೂರ್ಣಾವಧಿಯಿಂದ ಅರೆಕಾಲಿಕಕ್ಕೆ ಬದಲಾಯಿಸಿ ಎಂದು ಕೇಳುವ ಅರ್ಜಿ. ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ ಅರೆಕಾಲಿಕ ಸಂಶೋಧನೆಗೆ ಅವಕಾಶ ಕೊಟ್ಟಿದೆ. ಅದಕ್ಕೆ ನೌಕರಿ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು, ಆ ಪತ್ರದಲ್ಲಿ ಮೂರು ಮಾತು ಇರಲೇಬೇಕು: ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ ಬೇಕಾದರೆ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ. ಪ್ರೊಬೇಷನ್‌ನಲ್ಲಿರುವವರಿಗೆ ಈ ಪತ್ರ ಬೇಗ ಸಿಗುವುದು ಅಪರೂಪ. ಆದ್ದರಿಂದ ಬದಲಾವಣೆಯ ಅರ್ಜಿಯನ್ನು ಮೊದಲೇ ಕೊಟ್ಟು, “ನಿರಾಕ್ಷೇಪಣಾ ಪತ್ರವನ್ನು ಇಲಾಖೆಯಿಂದ ಪಡೆದು ಸಲ್ಲಿಸುತ್ತೇನೆ” ಎಂದು ಅದರಲ್ಲೇ ಬರೆದು, ಆವಕ ಶಾಖೆಯ ಮೊಹರು ಹಾಕಿಸಿಕೊಂಡಿರಿ. ಕೋರ್ಸ್‌ವರ್ಕ್ ಮುಗಿದಿದ್ದರೆ ಮೂರನೆಯ ಮಾತಿಗೆ ಹೆಚ್ಚು ತಕರಾರು ಬರುವುದಿಲ್ಲ. ಉತ್ತೀರ್ಣರಾದ ಅಂಕಪಟ್ಟಿಯ ನಕಲು ಲಗತ್ತಿಸಿ.

ನೌಕರಿಯಲ್ಲ, ಹೆರಿಗೆಯೋ ಕಾಯಿಲೆಯೋ ಕಾರಣವಾಗಿದ್ದರೆ ರಾಜೀನಾಮೆಗೆ ಆತುರಪಡಬೇಡಿ. ಹೆರಿಗೆ ರಜೆಯಲ್ಲಿ ಫೆಲೋಶಿಪ್ ಮುಂದುವರಿಯುತ್ತದೆ. 2022ರ ನಿಯಮಾವಳಿಯಲ್ಲಿ ಮಹಿಳೆಯರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಗೆ ಅವಕಾಶವಿದೆ. ಪ್ರಬಂಧ ಸಲ್ಲಿಸುವ ಗಡುವಿನಲ್ಲಿಯೂ ಎರಡು ವರ್ಷ ಹೆಚ್ಚು ಸಿಗುತ್ತದೆ. ಒಮ್ಮೆ ಬಿಟ್ಟ ಜೆ.ಆರ್.ಎಫ್. ಅನ್ನು “ಮತ್ತೆ ಶುರು ಮಾಡಿ” ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಎನ್.ಇ.ಟಿ. ಬರೆದು ಪಡೆದ ಸಹಾಯಕ ಪ್ರಾಧ್ಯಾಪಕ ಅರ್ಹತೆ ಮಾತ್ರ ಫೆಲೋಶಿಪ್ ಬಿಟ್ಟರೂ ಹಾಗೆಯೇ ಉಳಿಯುತ್ತದೆ, ಅದರ ಬಗ್ಗೆ ಹೆದರಿಕೆ ಬೇಡ.

ದಿನಾಂಕ ಗೊತ್ತುಮಾಡುವುದು

ಯುಜಿಸಿಯ ಷರತ್ತು ಸರಳ: ಫೆಲೋಶಿಪ್ ಅವಧಿಯಲ್ಲಿ ಬೇರೆ ಯಾವ ಮೂಲದಿಂದಲೂ ಸಂಬಳ, ಗೌರವಧನ, ಶಿಷ್ಯವೇತನ ಪಡೆಯಬಾರದು. ಹಾಗಾಗಿ ಹೊಸ ನೌಕರಿಗೆ ಹಾಜರಾಗುವ ದಿನದ ಹಿಂದಿನ ದಿನವೇ ಫೆಲೋಶಿಪ್‌ನ ಕೊನೆಯ ದಿನ. ಮಧ್ಯಾಹ್ನದ ಮೇಲೆ ಹಾಜರಾದರೂ ಆ ದಿನವನ್ನು ಫೆಲೋಶಿಪ್‌ಗೆ ಸೇರಿಸಬೇಡಿ. ಅರ್ಧ ದಿನದ ಲೆಕ್ಕ ಹಿಡಿದು ಯಾವ ಶಾಖೆಯ ಜೊತೆಗೂ ವಾದಿಸಿ ಪ್ರಯೋಜನವಿಲ್ಲ.

ನೇಮಕಾತಿ ಆದೇಶದ ದಿನಾಂಕ, ಸ್ಥಳ ಆಯ್ಕೆಯ ಕೌನ್ಸೆಲಿಂಗ್ ದಿನಾಂಕ, ಮೊದಲ ಸಂಬಳದ ದಿನಾಂಕ, ಇವು ಯಾವುವೂ ಇಲ್ಲಿ ಲೆಕ್ಕಕ್ಕಿಲ್ಲ. ಹೊಸಬರಿಗೆ ಮೊದಲ ಸಂಬಳ ಬರುವುದು ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗುತ್ತದೆ. “ಸಂಬಳ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಫೆಲೋಶಿಪ್ ನಡೆಯಲಿ” ಎಂದುಕೊಂಡರೆ ತಪ್ಪಾಗುತ್ತದೆ. ಸಂಬಳ ತಡವಾಗಿ ಬಂದರೂ ಹಾಜರಾದ ದಿನದಿಂದಲೇ ಲೆಕ್ಕವಾಗುತ್ತದೆ.

ಅತಿಥಿ ಉಪನ್ಯಾಸಕರ ವಿಷಯವೂ ಇದೇ. ವಾರಕ್ಕೆ ಕೆಲವೇ ಗಂಟೆ ಪಾಠ ಎಂದು ಕೆಲವರು ಫೆಲೋಶಿಪ್ ಜೊತೆಗೇ ಒಪ್ಪಿಕೊಂಡಿರುತ್ತಾರೆ. ಗೌರವಧನವೂ ಬೇರೆ ಮೂಲದ ಹಣವೇ. ಹಾಗೆ ಆಗಿದ್ದರೆ ಫೆಲೋಶಿಪ್ ಮುಗಿದ ದಿನಾಂಕ ಇಂದಿನದಲ್ಲ, ಅತಿಥಿ ಉಪನ್ಯಾಸಕರಾಗಿ ಸೇರಿದ ದಿನದ ಹಿಂದಿನದು. ಇದನ್ನು ಮುಚ್ಚಿಡುವವರು ಮುಂದೆ ಬೋಧನಾ ಅನುಭವದ ಪ್ರಮಾಣಪತ್ರ ಹಾಜರುಪಡಿಸಿದಾಗ ಸಿಕ್ಕಿಬೀಳುತ್ತಾರೆ, ಏಕೆಂದರೆ ಅದೇ ಅವಧಿ ಎರಡೂ ಕಡತದಲ್ಲಿ ಇರುತ್ತದೆ.

ಹಣ ಯಾಕೆ ಬರುತ್ತಲೇ ಇರುತ್ತದೆ

ಜೆ.ಆರ್.ಎಫ್. ಹಣ ಕೆನರಾ ಬ್ಯಾಂಕಿನ ಸ್ಕಾಲರ್‌ಶಿಪ್ ಪೋರ್ಟಲ್ ಮೂಲಕ ನೇರ ಖಾತೆಗೆ ಬರುತ್ತದೆ. ಸಂಶೋಧಕರು ಆ ತಿಂಗಳು ಹಾಜರಿದ್ದಾರೆ ಎಂದು ವಿಶ್ವವಿದ್ಯಾಲಯ ಪ್ರತಿ ತಿಂಗಳು ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ಮೇಕರ್ ಆಗಿರುವ ಸಿಬ್ಬಂದಿ ನಮೂದಿಸುತ್ತಾರೆ, ಚೆಕರ್ ಆಗಿರುವ ಅಧಿಕಾರಿ ಒಪ್ಪುತ್ತಾರೆ. ನೀವು ವಿಭಾಗದಲ್ಲಿ ಪತ್ರ ಕೊಟ್ಟ ಮಾತ್ರಕ್ಕೆ ಇವರಿಗೆ ಸುದ್ದಿ ಮುಟ್ಟಿರುವುದಿಲ್ಲ. ಪತ್ರ ವಿಭಾಗದ ಮುಖ್ಯಸ್ಥರ ಮೇಜಿನಲ್ಲಿ ಹದಿನೈದು ದಿನ ಕುಳಿತರೆ ಆ ತಿಂಗಳ ದೃಢೀಕರಣ ಎಂದಿನಂತೆ ನಡೆದುಹೋಗುತ್ತದೆ.

ಆದ್ದರಿಂದ ಮಾರ್ಗದರ್ಶಕರ ಸಹಿ ಆದ ಕೂಡಲೇ ಒಂದು ನಕಲನ್ನು ನೀವೇ ಮೇಕರ್ ಕೂರುವ ಶಾಖೆಗೆ ತೆಗೆದುಕೊಂಡು ಹೋಗಿ. ಕಡತ ಬರುವುದು ನಿಧಾನವಾಗಬಹುದು, ಈ ತಿಂಗಳ ದೃಢೀಕರಣ ಮಾತ್ರ ತಡೆಯಿರಿ ಎಂದು ಬರಹದಲ್ಲಿ ಕೇಳಿ. ಈ ಒಂದು ಓಡಾಟ ಆಮೇಲಿನ ಹತ್ತು ಓಡಾಟ ಉಳಿಸುತ್ತದೆ.

ಇನ್ನೊಂದು ಗೊಂದಲವಿದೆ, ಇದರಲ್ಲಿ ಜಾಣರೂ ಎಡವುತ್ತಾರೆ. ಫೆಲೋಶಿಪ್ ಹಣ ಆಯಾ ತಿಂಗಳಲ್ಲೇ ಬರುತ್ತದೆಂಬ ಖಾತರಿ ಇಲ್ಲ. ಬಾಕಿ ಒಟ್ಟಿಗೆ ಬರುವುದುಂಟು. ನೌಕರಿಗೆ ಸೇರಿದ ಮೇಲೆ ಖಾತೆಗೆ ಬಿದ್ದದ್ದೆಲ್ಲ ಹೆಚ್ಚುವರಿ ಎಂದು ಹಿಂದಿರುಗಿಸಿದರೆ ನಿಮ್ಮದೇ ದುಡಿಮೆಯ ಹಣ ಹೋಗುತ್ತದೆ. ಬಂದದ್ದೆಲ್ಲ ಹಳೆಯ ಬಾಕಿ ಎಂದು ಇಟ್ಟುಕೊಂಡರೆ ಮುಂದೆ ವಸೂಲಾತಿ ಪತ್ರ ಬರುತ್ತದೆ. ಹಣ ಯಾವ ದಿನ ಜಮೆ ಆಯಿತು ಎಂಬುದು ಮುಖ್ಯವಲ್ಲ. ಯಾವ ತಿಂಗಳಿಗೆ ಸೇರಿದ್ದು ಎಂಬುದು ಮುಖ್ಯ. ತಿಂಗಳುವಾರು ಪಾವತಿಯ ವಿವರವನ್ನು ಮೇಕರ್ ಶಾಖೆಯಿಂದ ಪಡೆದು ಪಾಸ್‌ಬುಕ್ ಜೊತೆ ಹೊಂದಿಸಿ ನೋಡಿ.

ಒಂದು ಲೆಕ್ಕ

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ ಹೀಗಿಟ್ಟುಕೊಳ್ಳೋಣ. ಧಾರವಾಡದಲ್ಲಿ ಇತಿಹಾಸ ವಿಷಯದ ಸಂಶೋಧಕಿ, ಹಾಸ್ಟೆಲ್ ವಾಸಿ, ಆದ್ದರಿಂದ ಮನೆ ಬಾಡಿಗೆ ಭತ್ಯೆ ಇಲ್ಲ. 2024ರ ಆಗಸ್ಟ್ 1ರಿಂದ ಫೆಲೋಶಿಪ್. ಜೆ.ಆರ್.ಎಫ್. ಮೊತ್ತ 2023ರ ಜನವರಿ 1ರಿಂದ ಜಾರಿಯಾದ ದರದಂತೆ ತಿಂಗಳಿಗೆ 37,000 ರೂಪಾಯಿ. ಸರ್ಕಾರಿ ಪದವಿಪೂರ್ವ ಕಾಲೇಜಿಗೆ 2025ರ ನವೆಂಬರ್ 18ರ ಪೂರ್ವಾಹ್ನ ಹಾಜರಾದರು. ಹಾಗಾದರೆ ಫೆಲೋಶಿಪ್‌ನ ಕೊನೆಯ ದಿನ ನವೆಂಬರ್ 17.

ಪತ್ರ ವಿಭಾಗದಲ್ಲೇ ಉಳಿದಿದ್ದರಿಂದ ನವೆಂಬರ್ ಮತ್ತು ಡಿಸೆಂಬರ್ ಎರಡೂ ತಿಂಗಳಿಗೆ ಪೂರ್ತಿ ಹಣ ಬಂತು. ನವೆಂಬರ್‌ನಲ್ಲಿ 30 ದಿನ. ಅವರಿಗೆ ಸಲ್ಲುವುದು 17 ದಿನದ್ದು. 37,000ವನ್ನು 30ರಿಂದ ಭಾಗಿಸಿ 17ರಿಂದ ಗುಣಿಸಿದರೆ 20,967 ರೂಪಾಯಿ. ಉಳಿದ 13 ದಿನದ 16,033 ರೂಪಾಯಿ ಹೆಚ್ಚುವರಿ. ಡಿಸೆಂಬರ್‌ನ 37,000 ಇಡಿಯಾಗಿ ಹೆಚ್ಚುವರಿ. ಎರಡೂ ಸೇರಿ 53,033.

ಇದರ ಮೇಲೆ ಕಂಟಿಂಜೆನ್ಸಿ. ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ವಿಜ್ಞಾನ ವಿಷಯಗಳಿಗೆ 12,000 ರೂಪಾಯಿ. ನಮ್ಮ ಸಂಶೋಧಕಿ ಎರಡನೆಯ ವರ್ಷದ 10,000 ಪಡೆದಿದ್ದಾರೆ, ಪುಸ್ತಕ, ಜೆರಾಕ್ಸ್, ಪತ್ರಾಗಾರದ ಓಡಾಟಕ್ಕೆ 6,240 ರೂಪಾಯಿಗೆ ಬಿಲ್ ಇದೆ ಎಂದುಕೊಳ್ಳಿ. ಬಿಲ್ ಇಲ್ಲದ 3,760 ವಾಪಸ್. ಬಿಲ್‌ಗಳಲ್ಲಿ ಯಾವುದೂ ನವೆಂಬರ್ 17ರ ನಂತರದ್ದಾಗಿರಬಾರದು. ಇದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಒಟ್ಟು ಹಿಂದಿರುಗಿಸಬೇಕಾದ್ದು 56,793 ರೂಪಾಯಿ.

ಈಗ ಕೊಕ್ಕೆ ಹಾಕೋಣ. ಅಕ್ಟೋಬರ್ ತಿಂಗಳ 37,000 ಅವರಿಗೆ ಇನ್ನೂ ಬಂದೇ ಇಲ್ಲ. “ನನಗೆ ಬರಬೇಕಾದ್ದನ್ನು ಮುರಿದುಕೊಂಡು 19,793 ಮಾತ್ರ ಕಳಿಸುತ್ತೇನೆ” ಎನ್ನುವುದು ನ್ಯಾಯವಾಗಿ ಕಾಣುತ್ತದೆ. ಹಾಗೆ ಮಾಡಬೇಡಿ. ಪೋರ್ಟಲ್‌ನಲ್ಲಿ ಅಕ್ಟೋಬರ್ ಬಾಕಿ ಎಂದೇ ಇರುತ್ತದೆ, ಮುಂದೊಂದು ದಿನ ಅದು ಬಂದರೆ ಮತ್ತೆ ಹೆಚ್ಚುವರಿಯಾಗುತ್ತದೆ. ಬಾರದಿದ್ದರೆ ನಿಮ್ಮ ವಾಪಸಾತಿ ಅರ್ಧಕ್ಕೆ ನಿಂತಂತೆ ಕಾಣುತ್ತದೆ. ಹೆಚ್ಚುವರಿಯನ್ನು ಪೂರ್ತಿ ಕಟ್ಟಿ, ಬಾಕಿಯನ್ನು ಬೇರೆಯಾಗಿ ಕೇಳಿ. ಹೊಂದಾಣಿಕೆ ಮಾಡಿಕೊಳ್ಳಿ ಎಂದು ಕಚೇರಿಯೇ ಬರಹದಲ್ಲಿ ಹೇಳಿದರೆ ಆ ಮಾತು ಬೇರೆ.

31 ದಿನದ ತಿಂಗಳಾದರೆ 31ರಿಂದ ಭಾಗಿಸುವುದು ಸರಿಯಾದ ಕ್ರಮ, ಆದರೆ ಎಲ್ಲ ತಿಂಗಳಿಗೂ 30 ಹಿಡಿಯುವ ಶಾಖೆಗಳೂ ಇವೆ. ವ್ಯತ್ಯಾಸ ಕೆಲವು ನೂರು ರೂಪಾಯಿ. ಹಣಕಾಸು ಅಧಿಕಾರಿಯ ಕಚೇರಿಯಲ್ಲಿ ಕೇಳಿ ಅವರ ಕ್ರಮವನ್ನೇ ಅನುಸರಿಸಿ. ಬಾಡಿಗೆ ಭತ್ಯೆ ಪಡೆಯುವವರು ಅದನ್ನೂ ಇದೇ ರೀತಿ ದಿನದ ಲೆಕ್ಕದಲ್ಲಿ ಒಡೆಯಬೇಕು. ಬಹಳ ಮಂದಿ ಇದನ್ನೇ ಬಿಟ್ಟುಬಿಡುತ್ತಾರೆ.

ಪತ್ರ

ಪತ್ರ ಯುಜಿಸಿಗೇ ಆದರೂ ನೇರವಾಗಿ ದೆಹಲಿಗೆ ಕಳಿಸಿದರೆ ಪ್ರಯೋಜನವಿಲ್ಲ. ವಿಶ್ವವಿದ್ಯಾಲಯದ ಶಿಫಾರಸಿಲ್ಲದ ಪತ್ರವನ್ನು ಅಲ್ಲಿಂದ ಇಲ್ಲಿಗೇ ತಿರುಗಿಸುತ್ತಾರೆ. ದಾರಿ ಹೀಗೆ: ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಕುಲಸಚಿವರು, ಅಲ್ಲಿಂದ ನವದೆಹಲಿಯ ಬಹದ್ದೂರ್ ಶಾ ಜಫರ್ ಮಾರ್ಗದಲ್ಲಿರುವ ಆಯೋಗದ ಕಚೇರಿ. ಕುಲಸಚಿವರಿಗೆ ಕನ್ನಡದಲ್ಲಿ ಬರೆದು, ಆಯೋಗಕ್ಕೆ ಹೋಗುವ ಪ್ರತಿಯನ್ನು ಇಂಗ್ಲಿಷಿನಲ್ಲಿ ಲಗತ್ತಿಸಿ. ಎರಡರಲ್ಲೂ ದಿನಾಂಕ ಮತ್ತು ಮೊತ್ತ ಒಂದೇ ಇರಲಿ.

ಕಾರಣವನ್ನು ಎಷ್ಟು ಬಿಡಿಸಿ ಹೇಳಬೇಕು? ನೌಕರಿ ಸಿಕ್ಕಿದ್ದರೆ ನೌಕರಿ ಎಂದೇ ಬರೆಯಿರಿ, ಆದೇಶದ ಸಂಖ್ಯೆ ಕೊಡಿ. “ವೈಯಕ್ತಿಕ ಕಾರಣಗಳಿಂದ” ಎಂದು ಬರೆದು ಮರುದಿನವೇ ಕೆಲಸಕ್ಕೆ ಸೇರಿದ್ದು ಆಮೇಲೆ ತಿಳಿದರೆ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. ಕಾಯಿಲೆ ಕಾರಣವಾದರೆ ಕಾಯಿಲೆಯ ಹೆಸರು ಬೇಕಿಲ್ಲ; “ಅನಾರೋಗ್ಯದಿಂದ ಪೂರ್ಣಾವಧಿ ಸಂಶೋಧನೆ ಸಾಧ್ಯವಾಗುತ್ತಿಲ್ಲ” ಎಂದರೆ ಸಾಕು. ವೈದ್ಯಕೀಯ ಕಾಗದಗಳು ಬೇಕಾಗುವುದು ರಜೆಯನ್ನೋ ವಿನಾಯಿತಿಯನ್ನೋ ಕೇಳಿದಾಗ ಮಾತ್ರ. ಕುಟುಂಬದ ಕಷ್ಟವಾದರೆ ಒಂದು ವಾಕ್ಯ. ಈ ಕಡತ ಐದಾರು ಮೇಜು ದಾಟಿ ಹೋಗುತ್ತದೆ ಎಂಬುದು ನೆನಪಿರಲಿ.

ನಮ್ಮ ಉದಾಹರಣೆಯ ಸಂಶೋಧಕಿ ನೌಕರಿಗೆ ಸೇರುವ ಮೊದಲೇ ಬರೆಯಬೇಕಿದ್ದ ಪತ್ರ ಇದು:

> ದಿನಾಂಕ: 10-11-2025
>
> ಗೆ,
> ಮಾನ್ಯ ಕುಲಸಚಿವರು,
> (ವಿಶ್ವವಿದ್ಯಾಲಯದ ಹೆಸರು), ಧಾರವಾಡ.
>
> ಮೂಲಕ: ಮಾರ್ಗದರ್ಶಕರು ಹಾಗೂ ಮುಖ್ಯಸ್ಥರು, ಇತಿಹಾಸ ವಿಭಾಗ.
>
> ಮಾನ್ಯರೆ,
>
> ವಿಷಯ: ಯುಜಿಸಿ ಜೆ.ಆರ್.ಎಫ್. ಅನ್ನು ದಿನಾಂಕ 17-11-2025ರ ಅಪರಾಹ್ನದಿಂದ ತ್ಯಜಿಸುವ ಕುರಿತು.
>
> ಉಲ್ಲೇಖ: 1. ಫೆಲೋಶಿಪ್ ಮಂಜೂರಾತಿ ಪತ್ರ ಸಂಖ್ಯೆ ____. 2. ಪಿಎಚ್.ಡಿ. ನೋಂದಣಿ ಸಂಖ್ಯೆ ____. 3. ನೇಮಕಾತಿ ಆದೇಶ ಸಂಖ್ಯೆ ____.
>
> ಮೇಲಿನ ಉಲ್ಲೇಖ 1ರಂತೆ ನಾನು ದಿನಾಂಕ 01-08-2024ರಿಂದ ಯುಜಿಸಿಯ ಜೆ.ಆರ್.ಎಫ್. ಪಡೆಯುತ್ತಿದ್ದೇನೆ. ಉಲ್ಲೇಖ 3ರಂತೆ ಸರ್ಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿಯಾಗಿ ನೇಮಕಗೊಂಡಿದ್ದು, ದಿನಾಂಕ 18-11-2025ರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗಲಿದ್ದೇನೆ. ಫೆಲೋಶಿಪ್ ನಿಯಮದಂತೆ ಎರಡನ್ನೂ ಒಟ್ಟಿಗೆ ಪಡೆಯಲು ಅವಕಾಶವಿಲ್ಲದ ಕಾರಣ, 17-11-2025 ನನ್ನ ಫೆಲೋಶಿಪ್‌ನ ಕೊನೆಯ ದಿನವೆಂದು ಪರಿಗಣಿಸಬೇಕಾಗಿ ಕೋರುತ್ತೇನೆ.
>
> ನಾನು ತ್ಯಜಿಸುತ್ತಿರುವುದು ಫೆಲೋಶಿಪ್ ಅನ್ನು ಮಾತ್ರ. ಪಿಎಚ್.ಡಿ. ನೋಂದಣಿಯನ್ನು ಅರೆಕಾಲಿಕವಾಗಿ ಮುಂದುವರಿಸಲು ಪ್ರತ್ಯೇಕ ಅರ್ಜಿ ಸಲ್ಲಿಸಿದ್ದೇನೆ.
>
> ನವೆಂಬರ್ 2025ಕ್ಕೆ 17 ದಿನಗಳ ಫೆಲೋಶಿಪ್ ಮಾತ್ರ ನನಗೆ ಸಲ್ಲತಕ್ಕದ್ದು. ಅಕ್ಟೋಬರ್ 2025ರ ಮೊತ್ತ ಈವರೆಗೆ ಜಮೆಯಾಗಿಲ್ಲ. 17-11-2025ರ ನಂತರದ ಅವಧಿಗೆ ಯಾವುದೇ ಮೊತ್ತ ಜಮೆಯಾದಲ್ಲಿ ಅದನ್ನು ಹಿಂದಿರುಗಿಸುತ್ತೇನೆ. ಕಟ್ಟಬೇಕಾದ ವಿಧಾನವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.
>
> ಪೋರ್ಟಲ್‌ನಲ್ಲಿ ಮೇಲಿನ ದಿನಾಂಕವನ್ನೇ ನಮೂದಿಸಿ, ಪತ್ರವನ್ನು ಯುಜಿಸಿಗೆ ರವಾನಿಸಿ, ಅಂಗೀಕಾರ ಪತ್ರವನ್ನು ದಯಪಾಲಿಸಬೇಕಾಗಿ ಕೋರುತ್ತೇನೆ.
>
> ತಮ್ಮ ವಿಶ್ವಾಸಿ,
> (ಸಹಿ, ಹೆಸರು, ಮೊಬೈಲ್ ಸಂಖ್ಯೆ)
>
> ಲಗತ್ತು: ಮಂಜೂರಾತಿ ಪತ್ರ, ನೇಮಕಾತಿ ಆದೇಶ, ಈವರೆಗಿನ ಸಂಶೋಧನಾ ವರದಿ, ಕಂಟಿಂಜೆನ್ಸಿ ಬಿಲ್‌ಗಳು, ಬ್ಯಾಂಕ್ ಖಾತೆಯ ವಿವರ.

ಇದರಲ್ಲಿ ಕ್ಷಮೆಯಾಚನೆ ಇಲ್ಲ, ಅದು ಬೇಕೂ ಇಲ್ಲ. ಕೆಲಸ ಮಾಡಿದ ಅವಧಿಯ ಫೆಲೋಶಿಪ್ ನಿಮ್ಮದು, ಅದನ್ನು ಸಾಮಾನ್ಯವಾಗಿ ಯಾರೂ ವಾಪಸ್ ಕೇಳುವುದಿಲ್ಲ. “ಈವರೆಗೆ ಪಡೆದ ಎಲ್ಲ ಹಣವನ್ನೂ ಹಿಂದಿರುಗಿಸಲು ಸಿದ್ಧ” ಎಂದು ವಿನಯಕ್ಕೆ ಬರೆದವರುಂಟು. ಅದು ಕಡತದಲ್ಲಿ ಸಹಿ ಹಾಕಿದ ಒಪ್ಪಿಗೆಯಾಗಿ ಉಳಿಯುತ್ತದೆ. ವಿದೇಶಿ ವ್ಯಾಸಂಗದ ವಿದ್ಯಾರ್ಥಿವೇತನಗಳಂತೆ ಛಾಪಾ ಕಾಗದದಲ್ಲಿ ಬಾಂಡ್, ಜಾಮೀನುದಾರರ ಸಹಿ ಕೊಟ್ಟಿದ್ದರೆ ಮಾತ್ರ ಕತೆ ಬೇರೆ. ಅಲ್ಲಿ ಪತ್ರ ಬರೆಯುವ ಮೊದಲು ಬಾಂಡ್‌ನಲ್ಲಿ ಏನು ಬರೆದಿದೆ ಎಂದು ಓದಬೇಕು, ಜಾಮೀನು ನಿಂತವರಿಗೂ ತಿಳಿಸಬೇಕು.

ಸಂಶೋಧನಾ ವರದಿ ಒಂದೆರಡು ಪುಟ ಸಾಕು: ಕೋರ್ಸ್‌ವರ್ಕ್ ಯಾವಾಗ ಮುಗಿಯಿತು, ಯಾವ ಅಧ್ಯಾಯ ಎಲ್ಲಿಗೆ ಬಂದಿದೆ, ಯಾವ ಲೇಖನ ಪ್ರಕಟವಾಗಿದೆ. ಮಾರ್ಗದರ್ಶಕರು ಇದರ ಕೆಳಗೆ “17-11-2025ರವರೆಗೆ ಪೂರ್ಣಾವಧಿ ಸಂಶೋಧನೆಯಲ್ಲಿ ತೊಡಗಿದ್ದರು” ಎಂದು ಬರೆದು ಸಹಿ ಮಾಡಬೇಕು. ಮಾರ್ಗದರ್ಶಕರು ಅಂದಾಜಿಗೆ “ನವೆಂಬರ್ ಅಂತ್ಯದವರೆಗೆ” ಎಂದು ಬರೆದುಬಿಟ್ಟರೆ ಮುಜುಗರಪಡದೆ ತಿದ್ದಿಸಿ. ಸರ್ ಏನೆಂದುಕೊಳ್ಳುತ್ತಾರೋ ಎಂದು ಸುಮ್ಮನಾದರೆ ಆ ಹದಿಮೂರು ದಿನ ನಿಮ್ಮ ಮೇಲೇ ಬರುತ್ತದೆ.

ಹಣ ಕಟ್ಟುವುದು, ಕಡತ ಮುಚ್ಚಿಸುವುದು

ವಾಪಸಾತಿಗೆ ಖಾತೆ ಸಂಖ್ಯೆಯನ್ನು ಸಂಶೋಧಕರ ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ಹಿಂದಿನ ವರ್ಷ ಯಾರೋ ಕಟ್ಟಿದ ಖಾತೆ ಈಗ ಬದಲಾಗಿರಬಹುದು, ಬೇರೆ ಯೋಜನೆಯದ್ದಾಗಿರಬಹುದು. ಕುಲಸಚಿವರ ಅಥವಾ ಹಣಕಾಸು ಅಧಿಕಾರಿಯ ಕಚೇರಿಯಿಂದ ಬರಹದಲ್ಲಿ ಬಂದ ವಿವರಕ್ಕೇ ಕಟ್ಟಿ. ನೆಫ್ಟ್ ಆದರೆ ಷರಾದಲ್ಲಿ ಹೆಸರು, ಫೆಲೋಶಿಪ್ ಐಡಿ, “ಹೆಚ್ಚುವರಿ ಮೊತ್ತ ವಾಪಸ್” ಎಂಬುದು ಕಾಣಲಿ. ಡಿ.ಡಿ. ಆದರೆ ಕೊಡುವ ಮೊದಲು ಎರಡೂ ಬದಿ ಜೆರಾಕ್ಸ್ ಮಾಡಿಸಿ. ಫೆಲೋಶಿಪ್ ಹಾಗೂ ಕಂಟಿಂಜೆನ್ಸಿ ಎರಡೂ ಒಂದೇ ಖಾತೆಗೆ ಹೋಗುತ್ತದೆಯೇ ಎಂದು ಕೇಳಿಯೇ ಕಟ್ಟಿ. ಬೇರೆ ಬೇರೆಯಾದರೆ 53,033 ಮತ್ತು 3,760 ಎಂದು ಎರಡು ಸಲ ಕಟ್ಟಬೇಕು.

ಕಟ್ಟಿದ ಮೇಲೆ ಯು.ಟಿ.ಆರ್. ಸಂಖ್ಯೆ ಬರೆದ ಇನ್ನೊಂದು ಸಣ್ಣ ಪತ್ರವನ್ನು, ತಿಂಗಳುವಾರು ಲೆಕ್ಕದ ಹಾಳೆ ಸೇರಿಸಿ, ಮೊದಲ ಪತ್ರದ ಆವಕ ಸಂಖ್ಯೆಯನ್ನು ಉಲ್ಲೇಖಿಸಿ ಕೊಡಿ. ಹಣ ಕಟ್ಟಿ ಪತ್ರ ಕೊಡದಿದ್ದರೆ ಲೆಕ್ಕಪತ್ರ ಶಾಖೆಯಲ್ಲಿ ಅದು ಯಾರ ಹಣ ಎಂದು ತಿಳಿಯದೆ ಹಾಗೇ ಉಳಿಯುತ್ತದೆ. ಇದೆಲ್ಲ ಮುಗಿಯುವವರೆಗೆ ಫೆಲೋಶಿಪ್ ಖಾತೆಯನ್ನು ಮುಚ್ಚಬೇಡಿ. ಅಕ್ಟೋಬರ್ ಬಾಕಿ ಅದಕ್ಕೇ ಬರಬೇಕು.

ಗ್ರಂಥಾಲಯ, ಹಾಸ್ಟೆಲ್, ವಿಭಾಗದ ನೋ ಡ್ಯೂ ಬೇರೆಯೇ ಕೆಲಸ, ಆದರೆ ಕಂಟಿಂಜೆನ್ಸಿಯಲ್ಲಿ ಕೊಂಡ ಪುಸ್ತಕಗಳನ್ನು ಕೇಳಿದರೆ ಗ್ರಂಥಾಲಯಕ್ಕೆ ಒಪ್ಪಿಸಿ ರಸೀದಿ ಪಡೆಯಿರಿ. ಕೊನೆಗೆ ನಿಮ್ಮ ಕೈಯಲ್ಲಿ ನಾಲ್ಕು ಕಾಗದ ಇರಬೇಕು: ಆವಕ ಮೊಹರಿರುವ ರಾಜೀನಾಮೆ ಪತ್ರದ ನಕಲು, ಕುಲಸಚಿವರ ಅಂಗೀಕಾರ ಪತ್ರ, ಹಣ ಬಂದು ಸೇರಿದೆ ಎಂಬ ಸ್ವೀಕೃತಿ, ಪೋರ್ಟಲ್‌ನಲ್ಲಿ ಫೆಲೋಶಿಪ್ ನಿಂತ ದಿನಾಂಕ ತೋರುವ ಪುಟದ ಪ್ರಿಂಟ್. ನಾಲ್ಕನೆಯದನ್ನು ಯಾರೂ ಕೇಳಿ ಪಡೆಯುವುದಿಲ್ಲ. ವರ್ಷಗಳ ನಂತರ ವಸೂಲಾತಿ ಪತ್ರ ಬಂದಾಗ ಮೊದಲು ಕೇಳುವುದು ಅದನ್ನೇ.

ಅಂಗೀಕಾರ ಪತ್ರ ತಿಂಗಳಾದರೂ ಬಾರದಿದ್ದರೆ ಆವಕ ಸಂಖ್ಯೆ ಹಾಕಿ ನೆನಪೋಲೆ ಬರೆಯಿರಿ. ಅದಕ್ಕೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ, ಆ ಆವಕ ಸಂಖ್ಯೆಯ ಪತ್ರದ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಪುಟಗಳ ನಕಲು ಕೇಳಿ. ಅದಕ್ಕೆ 30 ದಿನದ ಗಡುವಿದೆ. ಕಡತ ಯಾವ ಮೇಜಿನಲ್ಲಿ ನಿಂತಿದೆ ಎಂಬುದು ಆ ಪುಟಗಳಲ್ಲೇ ಗೊತ್ತಾಗುತ್ತದೆ.